ತಾಮ್ರ–ಅಮೋನಿಯಾ ದ್ರಾವಣದಲ್ಲಿ ಯಾವ ಸಂಕೀರ್ಣದ್ದು ಮೇಲುಗೈ? ಹಂತವಾರು ರಚನಾ ಸ್ಥಿರಾಂಕಗಳಿಂದ ಲೆಕ್ಕ ಹಾಕುವ ಬಗೆ

ಒಂದು ಲೀಟರ್ ದ್ರಾವಣದಲ್ಲಿ 0.010 ಮೋಲ್ ತಾಮ್ರದ ಅಯಾನು ಇದೆ. ಅದಕ್ಕೆ ಸರಿಯಾಗಿ ನಾಲ್ಕು ಪಟ್ಟು, ಅಂದರೆ 0.040 ಮೋಲ್ ಅಮೋನಿಯಾ ಸೇರಿಸಿದ್ದೇವೆ. ದ್ರಾವಣ ಕಡುನೀಲಿಯಾಗುತ್ತದೆ. ಅದರಲ್ಲಿರುವ ತಾಮ್ರ ಯಾವ ರೂಪದಲ್ಲಿದೆ ಎಂದು ಕೇಳಿದರೆ ಬಹುತೇಕರು ಯೋಚಿಸದೆ Cu(NH₃)₄²⁺ ಎನ್ನುತ್ತಾರೆ. ಒಂದು ತಾಮ್ರಕ್ಕೆ ನಾಲ್ಕು ಅಮೋನಿಯಾ, ಸ್ಥಿರಾಂಕವೋ 10 ರ 12ನೇ ಘಾತಕ್ಕೂ ಮೇಲೆ, ಇನ್ನೇನು ಅನುಮಾನ ಎಂಬ ವಾದ. ಆದರೆ ಲೆಕ್ಕ ಹಾಕಿ ನೋಡಿದರೆ ನಾಲ್ಕು ಅಮೋನಿಯಾದ ರೂಪದ ಪಾಲು ಅರ್ಧಕ್ಕೂ ಕಡಿಮೆ. ಮೂರು ಅಮೋನಿಯಾದ ರೂಪ ಅದಕ್ಕಿಂತ ತುಸು ಹೆಚ್ಚೇ ಇದೆ. ಹೀಗೇಕೆ ಆಗುತ್ತದೆ, ಅದನ್ನು ಹೇಗೆ ಲೆಕ್ಕ ಹಾಕಬೇಕು ಎಂಬುದನ್ನು ಮೊದಲಿನಿಂದ ನೋಡೋಣ.

ಹಂತಗಳು ಮತ್ತು ಅವುಗಳ ಸ್ಥಿರಾಂಕಗಳು

ನೀರಿನಲ್ಲಿರುವ ತಾಮ್ರದ ಅಯಾನಿಗೆ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಅಮೋನಿಯಾ ಬಂದಾಗ ಅವು ಒಂದೊಂದಾಗಿ ಜಾಗ ಬಿಟ್ಟುಕೊಡುತ್ತವೆ. ನಾಲ್ಕೂ ಒಟ್ಟಿಗೆ ಬದಲಾಗುವುದಿಲ್ಲ. ಹಾಗಾಗಿ ಸಮತೋಲನಗಳೂ ನಾಲ್ಕು:

Cu²⁺ + NH₃ ⇌ Cu(NH₃)²⁺, K₁
Cu(NH₃)²⁺ + NH₃ ⇌ Cu(NH₃)₂²⁺, K₂
Cu(NH₃)₂²⁺ + NH₃ ⇌ Cu(NH₃)₃²⁺, K₃
Cu(NH₃)₃²⁺ + NH₃ ⇌ Cu(NH₃)₄²⁺, K₄

ಇವೇ ಹಂತವಾರು ರಚನಾ ಸ್ಥಿರಾಂಕಗಳು. ಮೊದಲಿನಿಂದ ಒಂದು ಹಂತದವರೆಗಿನ ಎಲ್ಲವನ್ನೂ ಗುಣಿಸಿದರೆ ಒಟ್ಟು ರಚನಾ ಸ್ಥಿರಾಂಕ ಸಿಗುತ್ತದೆ: β₂ = K₁K₂, β₃ = K₁K₂K₃, β₄ = K₁K₂K₃K₄.

ಈ ವ್ಯವಸ್ಥೆಯನ್ನು ಕೂಲಂಕಷವಾಗಿ ಅಳೆದವರು ಡೆನ್ಮಾರ್ಕಿನ ಯಾನಿಕ್ ಬ್ಯೆರುಮ್. ಅವರ ಅಧ್ಯಯನ 1941ರಲ್ಲಿ ಪ್ರಕಟವಾಯಿತು. ಸಾಂದ್ರ ಅಮೋನಿಯಂ ನೈಟ್ರೇಟ್ ಮಾಧ್ಯಮಕ್ಕೆ ಸಲ್ಲುವ ಬೆಲೆಗಳನ್ನು ಇಲ್ಲಿ ಬಳಸುತ್ತೇನೆ:

log K₁ = 4.15, log K₂ = 3.50, log K₃ = 2.89, log K₄ = 2.13

ಕೂಡಿಸುತ್ತಾ ಹೋದರೆ log β₁ = 4.15, log β₂ = 7.65, log β₃ = 10.54, log β₄ = 12.67.

ಬೇರೆ ಪುಸ್ತಕ ತೆರೆದರೆ ಇದೇ ಸ್ಥಿರಾಂಕಗಳಿಗೆ ಒಂದೆರಡು ದಶಮಾಂಶ ಹೆಚ್ಚು ಕಡಿಮೆ ಬೆಲೆಗಳು ಕಾಣುತ್ತವೆ. ಉಷ್ಣತೆ ಮತ್ತು ದ್ರಾವಣದಲ್ಲಿರುವ ಉಪ್ಪಿನ ಪ್ರಮಾಣ ಬದಲಾದಂತೆ ಸ್ಥಿರಾಂಕವೂ ಬದಲಾಗುತ್ತದೆ. K₁ ಒಂದು ಪುಸ್ತಕದಿಂದ, K₃ ಇನ್ನೊಂದರಿಂದ ತೆಗೆದುಕೊಳ್ಳುವುದು ಮಾತ್ರ ಬೇಡ. ನಾಲ್ಕೂ ಒಂದೇ ಮಾಪನದ್ದಾಗಿರಲಿ.

ಈ ನಾಲ್ಕು ಸಂಖ್ಯೆಗಳಲ್ಲಿ ಗಮನಿಸಬೇಕಾದದ್ದು ಅವು ಇಳಿಯುವ ರೀತಿ. ಪ್ರತಿ ಹಂತದಲ್ಲೂ 0.6ರಿಂದ 0.8ರಷ್ಟು ಇಳಿಕೆ ಇದೆ. ಇದರಲ್ಲಿ ದೊಡ್ಡ ಪಾಲು ಬರೀ ಸಂಭವನೀಯತೆಯದು. ಮೊದಲ ಅಮೋನಿಯಾಕ್ಕೆ ಕೂರಲು ನಾಲ್ಕು ಜಾಗಗಳಿವೆ, ಬಿಟ್ಟು ಹೋಗಲು ಇರುವುದು ಒಂದೇ ಅಮೋನಿಯಾ. ಕೊನೆಯದಕ್ಕೆ ಉಳಿದಿರುವುದು ಒಂದೇ ಜಾಗ, ಬಿಟ್ಟು ಹೋಗಬಲ್ಲವು ನಾಲ್ಕು. ಈ ಎಣಿಕೆಯ ಪ್ರಕಾರ K₁ : K₂ : K₃ : K₄ = 4 : 3/2 : 2/3 : 1/4 ಆಗಬೇಕು. ಲಘುಗಣಕದಲ್ಲಿ ಅದು ಹಂತಕ್ಕೆ ಸುಮಾರು 0.4ರ ಇಳಿಕೆ. ಉಳಿದ 0.2, 0.3ರಷ್ಟು ಮಾತ್ರ ರಾಸಾಯನಿಕ ಕಾರಣದ್ದು: ಒಂದೊಂದು ಅಮೋನಿಯಾ ಕೂತಂತೆ ತಾಮ್ರಕ್ಕೆ ಮುಂದಿನದರ ಮೇಲಿನ ಸೆಳೆತ ತುಸು ತಗ್ಗುತ್ತದೆ.

ಹಂತದಿಂದ ಹಂತಕ್ಕೆ ಇಳಿಕೆ ಇಷ್ಟು ಸಣ್ಣದಾಗಿರುವುದರಿಂದಲೇ ಒಂದು ರೂಪ ಪೂರ್ತಿ ಮುಗಿಯುವ ಮುನ್ನ ಮುಂದಿನದು ಶುರುವಾಗಿಬಿಡುತ್ತದೆ. ನಾವು ಆರಂಭದಲ್ಲಿ ಕಂಡ ಅಚ್ಚರಿಯ ಮೂಲ ಇದೇ.

ಹಂತ 1: ಗಡಿಗಳನ್ನು ಗುರುತಿಸಿ

K₃ರ ಸಮೀಕರಣವನ್ನು ಹೀಗೆ ಬರೆಯೋಣ:

[Cu(NH₃)₃²⁺] / [Cu(NH₃)₂²⁺] = K₃ [NH₃]

ಎಡಗಡೆಯ ಅನುಪಾತ ಒಂದಾಗುವುದು ಯಾವಾಗ? [NH₃] = 1/K₃ ಆದಾಗ. ಅಂದರೆ −log [NH₃] ಎಂಬುದು log K₃ಗೆ ಸಮವಾದಾಗ. −log [NH₃] ಅನ್ನು pNH₃ ಎಂದು ಕರೆಯೋಣ. ಪಿಎಚ್ ಲೆಕ್ಕದಲ್ಲಿ pKa ಹೇಗೋ ಇಲ್ಲಿ log K ಹಾಗೆ: ಅಕ್ಕಪಕ್ಕದ ಎರಡು ರೂಪಗಳು ಸರಿಸಮವಾಗುವ ಬಿಂದು. ಹಾಗಾಗಿ ಕೋಷ್ಟಕದಲ್ಲಿರುವ ನಾಲ್ಕು log K ಬೆಲೆಗಳೇ ನಾಲ್ಕು ಗಡಿಗಳು:

| pNH₃ | ಅತಿ ಹೆಚ್ಚು ಪಾಲಿನ ರೂಪ |
|---|---|
| 4.15ಕ್ಕಿಂತ ಹೆಚ್ಚು | Cu²⁺ |
| 4.15 – 3.50 | Cu(NH₃)²⁺ |
| 3.50 – 2.89 | Cu(NH₃)₂²⁺ |
| 2.89 – 2.13 | Cu(NH₃)₃²⁺ |
| 2.13ಕ್ಕಿಂತ ಕಡಿಮೆ | Cu(NH₃)₄²⁺ |

ಅಮೋನಿಯಾ ಹೆಚ್ಚಾದಂತೆ pNH₃ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ದಿಕ್ಕು ತಪ್ಪುವುದು ಸಾಮಾನ್ಯವಾಗಿ ಇಲ್ಲೇ.

ಈ ಕೋಷ್ಟಕ ಸರಿಯಾಗಿರಬೇಕಾದರೆ ಒಂದು ಷರತ್ತಿದೆ: log K ಬೆಲೆಗಳು ಕ್ರಮವಾಗಿ ಇಳಿಯುತ್ತಿರಬೇಕು. ತಾಮ್ರದಲ್ಲಿ ಇಳಿಯುತ್ತವೆ. ಬೆಳ್ಳಿಯಲ್ಲಿ ಹಾಗಿಲ್ಲ. ಅಲ್ಲಿ log K₁ ಸುಮಾರು 3.3, log K₂ ಸುಮಾರು 3.9. ಎರಡನೆಯದೇ ದೊಡ್ಡದಾದ್ದರಿಂದ Ag(NH₃)⁺ ಯಾವ ಅಮೋನಿಯಾ ಮಟ್ಟದಲ್ಲೂ ಮುಂದೆ ಬರುವುದಿಲ್ಲ. Ag⁺ ಇಂದ ನೇರವಾಗಿ Ag(NH₃)₂⁺ಗೆ ಮೇಲುಗೈ ದಾಟಿಹೋಗುತ್ತದೆ. ಹೊಸ ಲೋಹವೊಂದನ್ನು ಕೈಗೆತ್ತಿಕೊಂಡಾಗ ಮೊದಲು ಈ ಕ್ರಮವನ್ನು ನೋಡಿಕೊಳ್ಳಿ.

ಹಂತ 2: ಪಾಲುಗಳನ್ನು ಲೆಕ್ಕ ಹಾಕಿ

ಯಾರು ಮುಂದಿದ್ದಾರೆ ಎಂಬುದನ್ನು ಗಡಿಗಳು ಹೇಳುತ್ತವೆ, ಎಷ್ಟು ಮುಂದಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಐದು ಪದಗಳನ್ನು ಬರೆದುಕೊಳ್ಳಬೇಕು:

1, β₁[NH₃], β₂[NH₃]², β₃[NH₃]³, β₄[NH₃]⁴

ಇವು ಕ್ರಮವಾಗಿ ಐದು ರೂಪಗಳ ಸಾಪೇಕ್ಷ ಪ್ರಮಾಣಗಳು. ಎಲ್ಲವನ್ನೂ ಕೂಡಿಸಿ, ಒಂದೊಂದನ್ನೂ ಆ ಮೊತ್ತದಿಂದ ಭಾಗಿಸಿದರೆ ಪಾಲು ಸಿಗುತ್ತದೆ.

ಬಂಧವಾಗದೆ ಉಳಿದ ಅಮೋನಿಯಾ 0.0010 ಮೋಲಾರ್ ಇದೆ ಎಂದುಕೊಳ್ಳಿ, ಅಂದರೆ pNH₃ = 3.00. ಲಘುಗಣಕದಲ್ಲೇ ಮಾಡುವುದು ಸುಲಭ. ಎರಡನೇ ಘಾತದ ಪದಕ್ಕೆ 7.65 − 6.00 = 1.65, ಅಂದರೆ 44.7. ಹೀಗೆಯೇ ಉಳಿದವು:

1, 14.1, 44.7, 34.7, 4.7, ಮೊತ್ತ ಸುಮಾರು 99.2

ಪಾಲುಗಳು: Cu²⁺ 1%, ಒಂದು ಅಮೋನಿಯಾದ್ದು 14%, ಎರಡರದು 45%, ಮೂರರದು 35%, ನಾಲ್ಕರದು 5%.

3.00 ಎಂಬುದು 3.50 ಮತ್ತು 2.89ರ ನಡುವೆ ಇರುವುದರಿಂದ ಎರಡು ಅಮೋನಿಯಾದ ರೂಪ ಮುಂದಿರಬೇಕಿತ್ತು. ಮುಂದೆಯೂ ಇದೆ. ಆದರೆ ಅದು ಅರ್ಧವನ್ನೂ ಮುಟ್ಟಿಲ್ಲ. ಅದರ ಪಾಲು ಅತಿ ಹೆಚ್ಚಾಗುವುದು ಎರಡು ಗಡಿಗಳ ನಟ್ಟನಡುವೆ, pNH₃ = 3.195ರಲ್ಲಿ. ಅಲ್ಲಿಯೂ 48% ದಾಟುವುದಿಲ್ಲ. ಆದ್ದರಿಂದ ಇಲ್ಲಿ ಮೇಲುಗೈ ಎಂದರೆ ಉಳಿದೆಲ್ಲವುಗಳಿಗಿಂತ ಹೆಚ್ಚು ಎಂದಷ್ಟೇ ಅರ್ಥ, ಬಹುಮತ ಎಂದಲ್ಲ. ಉತ್ತರ ಬರೆಯುವಾಗ ರೂಪದ ಹೆಸರಿನ ಜೊತೆ ಶೇಕಡಾವಾರು ಪಾಲನ್ನೂ ಬರೆಯುವುದು ಒಳ್ಳೆಯದು.

ಹಂತ 3: ಬಂಧವಾಗದೆ ಉಳಿದ ಅಮೋನಿಯಾ ಎಷ್ಟು?

ಈ ಇಡೀ ಲೆಕ್ಕದಲ್ಲಿ ಎಚ್ಚರ ಬೇಕಾದ ಜಾಗ ಇದು. ಮೇಲಿನ ಸಮೀಕರಣಗಳಲ್ಲಿ [NH₃] ಎಂದರೆ ತಾಮ್ರಕ್ಕೂ ಅಂಟದೆ, ಪ್ರೋಟಾನನ್ನೂ ಹಿಡಿಯದೆ ಸ್ವತಂತ್ರವಾಗಿ ಉಳಿದಿರುವ ಅಮೋನಿಯಾ. ನಾವು ಬಾಟಲಿಯಿಂದ ಸುರಿದದ್ದು ಒಟ್ಟು ಅಮೋನಿಯಾ. ಇವೆರಡರ ನಡುವೆ ಎರಡು ಬಗೆಯ ಸೋರಿಕೆಗಳಿವೆ.

ಒಂದು, ಅಮೋನಿಯಂ ಅಯಾನು. NH₄⁺ ತಾಮ್ರಕ್ಕೆ ಅಂಟುವುದಿಲ್ಲ, ಏಕೆಂದರೆ ಅದರ ನೈಟ್ರೋಜನ್ನಿನ ಒಂಟಿ ಎಲೆಕ್ಟ್ರಾನ್ ಜೋಡಿಯನ್ನು ಪ್ರೋಟಾನ್ ಆಗಲೇ ಹಿಡಿದುಕೊಂಡಿದೆ. ಅದರ pKa ಸುಮಾರು 9.25. ಒಂದು ಬಫರ್‌ನಲ್ಲಿ NH₃ ಮತ್ತು NH₄⁺ ಸೇರಿ 0.10 ಮೋಲಾರ್ ಇದ್ದು, ಪಿಎಚ್ 7.25 ಆಗಿದ್ದರೆ ಅದರಲ್ಲಿ NH₃ ಆಗಿರುವುದು ಬರೀ 1%, ಅಂದರೆ 0.0010 ಮೋಲಾರ್. ತಾಮ್ರ ತೀರಾ ಅಲ್ಪ ಪ್ರಮಾಣದಲ್ಲಿದ್ದರೆ ಇದು ನಾವು ಈಗಷ್ಟೇ ಮಾಡಿದ ಲೆಕ್ಕವೇ: ಎರಡು ಅಮೋನಿಯಾದ ರೂಪ ಮುಂದೆ. 0.10 ಎಂದೇ ಹಾಕಿದ್ದರೆ ನಾಲ್ಕು ಅಮೋನಿಯಾದ ರೂಪ ಎಂಬ ಉತ್ತರ ಬರುತ್ತಿತ್ತು. ಪಿಎಚ್ ಕೊಡದೆ ಬರೀ ಒಟ್ಟು ಅಮೋನಿಯಾ ಕೊಟ್ಟು ಕೇಳುವ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ.

ಎರಡು, ತಾಮ್ರವೇ ಹಿಡಿದುಕೊಂಡ ಅಮೋನಿಯಾ. ತಾಮ್ರದ ಪ್ರಮಾಣ ಗಣನೀಯವಾಗಿದ್ದರೆ ಇದನ್ನು ಬಿಡುವಂತಿಲ್ಲ. ಇದಕ್ಕೆ ಸರಾಸರಿ ಲಿಗ್ಯಾಂಡ್ ಸಂಖ್ಯೆ n̄ ಬೇಕು, ಅಂದರೆ ಒಂದು ತಾಮ್ರಕ್ಕೆ ಸರಾಸರಿ ಎಷ್ಟು ಅಮೋನಿಯಾ ಅಂಟಿದೆ ಎಂಬುದು. ಹಂತ 2ರ ಐದು ಪದಗಳನ್ನು ಕ್ರಮವಾಗಿ 0, 1, 2, 3, 4ರಿಂದ ಗುಣಿಸಿ ಕೂಡಿಸಿ, ಮೊತ್ತದಿಂದ ಭಾಗಿಸಿದರೆ n̄ ಸಿಗುತ್ತದೆ. ಆಮೇಲೆ ಅಮೋನಿಯಾದ ಲೆಕ್ಕ ಹೀಗೆ:

ಸೇರಿಸಿದ ಅಮೋನಿಯಾ = [NH₃] + n̄ × ಒಟ್ಟು ತಾಮ್ರ

ಹಂತ 4: 0.010 ತಾಮ್ರ, 0.040 ಅಮೋನಿಯಾ

ಈಗ ಆರಂಭದ ದ್ರಾವಣಕ್ಕೆ ಬರೋಣ. ಮಾಧ್ಯಮದಲ್ಲಿ 2 ಮೋಲಾರ್ ಅಮೋನಿಯಂ ನೈಟ್ರೇಟ್ ಇದೆ ಎಂದು ಇಟ್ಟುಕೊಳ್ಳೋಣ. ಇದರಿಂದ ನಾವು ಬಳಸುತ್ತಿರುವ ಸ್ಥಿರಾಂಕಗಳಿಗೆ ಮಾಧ್ಯಮ ಹೊಂದುತ್ತದೆ. ಇಷ್ಟು NH₄⁺ ಮೊದಲೇ ಇರುವುದರಿಂದ ಸೇರಿಸಿದ NH₃ ನೀರಿನಿಂದ ಪ್ರೋಟಾನ್ ಪಡೆದು NH₄⁺ ಆಗುವುದೂ ನಗಣ್ಯವಾಗುತ್ತದೆ. ಹೀಗೆ ಮೊದಲ ಸೋರಿಕೆ ಮುಚ್ಚಿತು, ಎರಡನೆಯದಷ್ಟೇ ಉಳಿಯಿತು.

[NH₃] ಗೊತ್ತಿಲ್ಲ, ಅದು ಗೊತ್ತಿಲ್ಲದೆ n̄ ಸಿಗುವುದಿಲ್ಲ. ಹಾಗಾಗಿ ಒಂದು ಬೆಲೆ ಊಹಿಸಿ, ಸೇರಿಸಿದ ಅಮೋನಿಯಾ ಎಷ್ಟಾಗಬೇಕಿತ್ತು ಎಂದು ನೋಡಿ, 0.040ಕ್ಕೆ ಹೊಂದಿಸುತ್ತಾ ಹೋಗಬೇಕು.

| ಊಹಿಸಿದ [NH₃] | n̄ | ಒಟ್ಟು ಅಮೋನಿಯಾ |
|---|---|---|
| 0.0050 | 3.20 | 0.0370 |
| 0.0070 | 3.35 | 0.0405 |
| 0.0067 | 3.33 | 0.0400 |

ಮೊದಲ ಊಹೆ ಕಡಿಮೆಯಾಯಿತು, ಎರಡನೆಯದು ತುಸು ಹೆಚ್ಚಾಯಿತು, ಮೂರನೆಯದು ಸರಿಹೋಯಿತು. [NH₃] ಹೆಚ್ಚಿದಂತೆ n̄ ಕೂಡ ಹೆಚ್ಚುವುದರಿಂದ ಒಟ್ಟು ಮೊತ್ತ ಯಾವಾಗಲೂ ಒಂದೇ ದಿಕ್ಕಿನಲ್ಲಿ ಏರುತ್ತದೆ. ಆದ್ದರಿಂದ ಉತ್ತರ ಒಂದೇ ಇರುತ್ತದೆ, ಊಹೆ ಎಲ್ಲಿಂದ ಶುರುಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತೀರಿ.

[NH₃] = 0.0067 ಆದಾಗ ಐದು ಪದಗಳು: 1, 95, 2005, 10430, 9425. ಮೊತ್ತ ಸುಮಾರು 21950. ಪಾಲುಗಳು ಹೀಗಿವೆ:

ಮೂರು ಅಮೋನಿಯಾದ ರೂಪ 47.5%, ನಾಲ್ಕರದು 43%, ಎರಡರದು 9%, ಒಂದರದು 0.4%. ಬರಿಯ Cu²⁺ ಶೇಕಡಾ 0.005ರ ಆಸುಪಾಸು.

ಒಂದಕ್ಕೆ ನಾಲ್ಕರಂತೆ ಬೆರೆಸಿದರೂ ತಾಮ್ರಕ್ಕೆ ಸರಾಸರಿ ಅಂಟಿದ್ದು 3.33 ಅಮೋನಿಯಾ ಮಾತ್ರ, ಉಳಿದದ್ದು ನೀರಿನಲ್ಲಿದೆ. β₄ ಇಷ್ಟು ದೊಡ್ಡದಿದ್ದರೂ ಹೀಗಾಗಲು ಕಾರಣವಿದೆ. ಆ ದೊಡ್ಡ ಸಂಖ್ಯೆ ಬರಿಯ Cu²⁺ ಮತ್ತು ನಾಲ್ಕು ಅಮೋನಿಯಾದ ರೂಪವನ್ನು ಹೋಲಿಸುತ್ತದೆ. ಬರಿಯ Cu²⁺ ನಿಜಕ್ಕೂ ಉಳಿದಿಲ್ಲ, ಆ ಮಟ್ಟಿಗೆ β₄ ಹೇಳಿದ್ದು ಸರಿ. ಆದರೆ ಕೊನೆಯ ಅಮೋನಿಯಾ ಕೂರುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು K₄ ಒಂದೇ. ಅದು ಬರೀ 135. 0.0067 × 135 ಎಂದರೆ 0.9, ಅಂದರೆ ಮೂರರ ರೂಪ ಪ್ರತಿ ಹತ್ತಕ್ಕೆ ನಾಲ್ಕರದು ಒಂಬತ್ತು.

ಇಲ್ಲಿ ಒಂದು ಮಿತಿಯನ್ನು ಹೇಳಲೇಬೇಕು. ಈ ದ್ರಾವಣದ pNH₃ 2.17, ಗಡಿ 2.13. ವ್ಯತ್ಯಾಸ 0.04 ಅಷ್ಟೇ. ಸ್ಥಿರಾಂಕಗಳೇ ಅದಕ್ಕಿಂತ ಹೆಚ್ಚು ಅತ್ತಿತ್ತ ಆಗುವುದರಿಂದ, ಬೇರೆ ಉಷ್ಣತೆಯ ಅಥವಾ ಬೇರೆ ಮಾಧ್ಯಮದ ಬೆಲೆ ಹಾಕಿದರೆ ಯಾರು ತುಸು ಮುಂದು ಎಂಬುದು ಅದಲು ಬದಲಾಗಬಹುದು. ಎರಡೂ ಹೆಚ್ಚುಕಡಿಮೆ ಸಮ ಎಂಬ ತೀರ್ಮಾನ ಮಾತ್ರ ಬದಲಾಗುವುದಿಲ್ಲ. ಗಡಿಯಿಂದ 0.2ರ ಒಳಗಿದ್ದರೆ ಒಂದೇ ಹೆಸರು ಹೇಳದೆ ಎರಡನ್ನೂ ಹೇಳುವುದು ನನ್ನ ಪದ್ಧತಿ.

ಊಹಿಸಿ ಹೊಂದಿಸುವ ಕೆಲಸವನ್ನು ಪೈಥಾನ್‌ಗೆ ಬಿಡುವುದಾದರೆ ಇಷ್ಟು ಸಾಕು:

```python
logK = [4.15, 3.50, 2.89, 2.13]
Cu, N = 0.010, 0.040

lo, hi = 0.0, N
for _ in range(60):
    L = (lo + hi) / 2
    t = [1.0]
    for k in logK:
        t.append(t[-1] * 10**k * L)
    n = sum(i * x for i, x in enumerate(t)) / sum(t)
    if L + n * Cu < N:
        lo = L
    else:
        hi = L

print(L, n, [round(100 * x / sum(t), 1) for x in t])
```

ಇದನ್ನು ಬಳಸುವ ಮೊದಲು ಒಂದು ಲೆಕ್ಕವನ್ನಾದರೂ ಕೈಯಲ್ಲಿ ಮಾಡಿ. K ಮತ್ತು β ಅದಲು ಬದಲಾಗಿ ಹಾಕಿದರೆ ಪ್ರೋಗ್ರಾಂ ಏನೂ ತಕರಾರು ಮಾಡದೆ ತಪ್ಪು ಉತ್ತರ ಕೊಡುತ್ತದೆ.

ಹಂತ 5: ದ್ರಾವಣ ತಿಳಿಯಾಗಿ ಉಳಿಯುತ್ತದೆಯೇ?

ಲೆಕ್ಕವೆಲ್ಲ ತಾಮ್ರ ದ್ರಾವಣದಲ್ಲೇ ಇದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ತಾಮ್ರದ ಹೈಡ್ರಾಕ್ಸೈಡ್ ಒತ್ತರಿಸಿದರೆ ಅದು ಕುಸಿಯುತ್ತದೆ. ಪರೀಕ್ಷಿಸೋಣ. ಉಳಿದ Cu²⁺ = 0.010/21950, ಸುಮಾರು 4.6 × 10⁻⁷ ಮೋಲಾರ್. ಪಿಎಚ್ = 9.25 + log(0.0067/2), ಸುಮಾರು 6.8. ಆಗ [OH⁻] ಸುಮಾರು 6 × 10⁻⁸. ಗುಣಲಬ್ಧ [Cu²⁺][OH⁻]² ಸುಮಾರು 2 × 10⁻²¹. Cu(OH)₂ನ ವಿಲೀನತಾ ಗುಣಲಬ್ಧ 10⁻²⁰ರಿಂದ 10⁻¹⁹ರ ನಡುವೆ ಇರುವುದರಿಂದ ಒತ್ತರವಿಲ್ಲ.

ಅಮೋನಿಯಂ ನೈಟ್ರೇಟ್ ಇಲ್ಲದೆ ಇದೇ ದ್ರಾವಣ ಮಾಡಿದ್ದರೆ? 0.0067 ಮೋಲಾರ್ ಅಮೋನಿಯಾ ಒಂದೇ ಇದ್ದಾಗ [OH⁻] ಸುಮಾರು 3.5 × 10⁻⁴. ಗುಣಲಬ್ಧ 5 × 10⁻¹⁴ ದಾಟುತ್ತದೆ, ಅಂದರೆ ಮಿತಿಗಿಂತ ಲಕ್ಷಾಂತರ ಪಟ್ಟು ಹೆಚ್ಚು. ತೆಳುನೀಲಿ ಒತ್ತರ ಬಂದೇ ಬರುತ್ತದೆ. ತಾಮ್ರದ ಸಲ್ಫೇಟಿಗೆ ಅಮೋನಿಯಾ ಹನಿಹನಿಯಾಗಿ ಹಾಕುವಾಗ ಮೊದಲು ಕಾಣುವ ಆ ತೆಳುನೀಲಿ ಮೋಡ ಇದೇ. ಅಲ್ಲಿ ಬರಿಯ ಅಮೋನಿಯಾ ಸಂಕೀರ್ಣಗಳ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಹೆಚ್ಚು ಅಮೋನಿಯಾ ಸೇರಿ ಮೋಡ ಪೂರ್ತಿ ಕರಗಿದ ಮೇಲಷ್ಟೇ ಈ ಸೂತ್ರಗಳು ಅನ್ವಯಿಸುತ್ತವೆ.

ಅಮೋನಿಯಾ ಸುರಿಯುತ್ತಾ ಹೋದರೆ

ನಾಲ್ಕು ಅಮೋನಿಯಾದ ರೂಪವೇ ಬೇಕು ಎನ್ನುವವರು ಎಷ್ಟು ಹಾಕಬೇಕು? ಅದೇ 0.010 ತಾಮ್ರಕ್ಕೆ 0.10 ಮೋಲಾರ್, ಅಂದರೆ ಹತ್ತು ಪಟ್ಟು ಹಾಕಿದರೆ ಉಳಿಯುವ [NH₃] ಸುಮಾರು 0.061. ಆಗ ನಾಲ್ಕರ ರೂಪ 89%, ಮೂರರದು 11%. ಹತ್ತು ಪಟ್ಟು ಹಾಕಿದರೂ ಹತ್ತರಲ್ಲೊಂದು ತಾಮ್ರಕ್ಕೆ ಇನ್ನೂ ಮೂರೇ ಅಮೋನಿಯಾ.

99% ಬೇಕೆಂದರೆ K₄[NH₃] ಸುಮಾರು 100 ಆಗಬೇಕು, ಅಂದರೆ [NH₃] 0.74 ಮೋಲಾರ್. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಐದನೇ ಅಮೋನಿಯಾ ಕೂರಲು ತೊಡಗಿರುತ್ತದೆ. log K₅ ಸುಮಾರು −0.5, ಅಂದರೆ K₅ ಸುಮಾರು 0.3. ನಾಲ್ಕನೆಯದರಿಂದ ಐದನೆಯದಕ್ಕೆ ಇಳಿಕೆ ಈ ಸಲ 0.6 ಅಲ್ಲ, 2.6ಕ್ಕೂ ಹೆಚ್ಚು. ತಾಮ್ರದ ಸುತ್ತ ಒಂದೇ ಸಮತಲದಲ್ಲಿರುವ ನಾಲ್ಕು ಜಾಗಗಳಲ್ಲಿ ಬಂಧ ಬಿಗಿ, ಮೇಲೆ ಕೆಳಗೆ ಇರುವ ಎರಡು ಜಾಗಗಳಲ್ಲಿ ಬಂಧ ಉದ್ದ ಮತ್ತು ಸಡಿಲ. ಯಾನ್–ಟೆಲ್ಲರ್ ಪರಿಣಾಮ ಎಂದು ಓದಿರುವುದು ಈ ಸಂಖ್ಯೆಯಲ್ಲಿ ಕಣ್ಣಿಗೆ ಬೀಳುತ್ತದೆ.

ಇಳಿಕೆ ದೊಡ್ಡದಾದ್ದರಿಂದಲೇ ನಾಲ್ಕರ ರೂಪಕ್ಕೆ ವಿಶಾಲವಾದ ವಲಯ ಸಿಕ್ಕಿದೆ, ಆದರೆ ಅದು ಅಪರಿಮಿತವಲ್ಲ. ಅದರ ಪಾಲು ಗರಿಷ್ಠವಾಗುವುದು ಎರಡು ಗಡಿಗಳ ನಡುವೆ, [NH₃] ಸುಮಾರು 0.16 ಮೋಲಾರ್ ಇದ್ದಾಗ. ಅಲ್ಲಿ K₄[NH₃] ಸುಮಾರು 21. ಮೂರರ ರೂಪ 4%ಕ್ಕಿಂತ ತುಸು ಹೆಚ್ಚು, ಐದರದೂ ಅಷ್ಟೇ, ನಾಲ್ಕರದು ಸುಮಾರು 91%. ಇದಕ್ಕಿಂತ ಹೆಚ್ಚು ಅಮೋನಿಯಾ ಹಾಕಿದರೆ ಪಾಲು ಏರುವುದಿಲ್ಲ, ಇಳಿಯುತ್ತದೆ. ಐದನೆಯದು ಕೂರಲು ತೊಡಗಿದ್ದು ಬಣ್ಣದಲ್ಲೂ ತಿಳಿಯುತ್ತದೆ. ಬರಿಯ ತಾಮ್ರದ ಅಯಾನು ಸುಮಾರು 800 ನ್ಯಾನೊಮೀಟರ್ ಬಳಿ ಹೀರುವ ಬೆಳಕು, ನಾಲ್ಕು ಅಮೋನಿಯಾ ಕೂರುವಷ್ಟರಲ್ಲಿ 600ರ ಆಸುಪಾಸಿಗೆ ಸರಿದಿರುತ್ತದೆ. ಐದನೆಯದು ಸೇರಿದಂತೆ ಆ ಪಟ್ಟಿ ಮತ್ತೆ ಕೆಂಪಿನ ಕಡೆಗೆ ಹಿಂದೆ ಸರಿಯುತ್ತದೆ. ಸಾಂದ್ರ ಅಮೋನಿಯಾದಲ್ಲಿ ಕೆಲಸ ಮಾಡುವಾಗ ರೋಹಿತದಲ್ಲಿ ಈ ಹಿಂಜರಿತ ಕಂಡರೆ, ಮೇಲಿನ ಕೋಡ್‌ನ `logK` ಸಾಲಿಗೆ −0.5 ಎಂಬ ಐದನೇ ಬೆಲೆಯನ್ನೂ ಸೇರಿಸಿ ಲೆಕ್ಕ ಮತ್ತೊಮ್ಮೆ ಹಾಕಬೇಕು.